ತಾತ್ಕಾಲಿಕ ಗತಿಯ ಮಧ್ಯಮೂಲ್ಯಧರ್ಮ: ಒಂದು ವಿಮರ್ಶೆ

ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯದಲ್ಲಿ ಲಲ್ಲಾಚಾರ್ಯರ ಮತವೊಂದನ್ನು ಖಂಡಿಸಿದ್ದಾರೆ. ಗ್ರಹದ ಸ್ಪಷ್ಟಗತಿಯು ಮಧ್ಯಗತಿಗೆ ಸಮನಾಗುವ ಸ್ಥಾನ ಯಾವುದೆಂಬುದೇ ಅಲ್ಲಿಯ ವಿವಾದ. ಫಲವು, ಅಂದರೆ ಮಧ್ಯಗ್ರಹಕ್ಕೂ ಸ್ಪಷ್ಟಗ್ರಹಕ್ಕೂ ಇರುವ ಅಂತರವು, ಎಲ್ಲಿ ಪರಮವಾಗುವುದೋ ಅಲ್ಲಿಯೇ ಎರಡು ಗತಿಗಳೂ ಸಮವೆಂಬುದು ಭಾಸ್ಕರರ ನಿರ್ಣಯ. ಇದನ್ನು ಆಧಾರವಾಗಿಟ್ಟುಕೊಂಡು, 1875ರಲ್ಲಿ ಫ್ರೆಂಚ್ ಗಣಿತಜ್ಞ ಡಾರ್ಬೂ ಸಾಧಿಸಿದ ಪ್ರಮೇಯವೂ ಭಾಸ್ಕರರಲ್ಲಿಯೇ ಇದೆಯೆಂದು ಹೇಳುವುದು ಯುಕ್ತವೇ ಎಂಬುದು ವಿಚಾರಣೀಯ.

ಮೊದಲು ಪ್ರಮೇಯದ ಸ್ವರೂಪವನ್ನು ನೋಡಬೇಕು. ಒಂದು ಫಲನಕ್ಕೆ ಪ್ರತಿಯೊಂದು ಬಿಂದುವಿನಲ್ಲಿಯೂ ನಿಷ್ಪನ್ನ, ಎಂದರೆ ತಾತ್ಕಾಲಿಕ ಗತಿ, ಉಂಟೆಂದಾದರೆ, ಆ ಗತಿಯು ಒಂದು ಬೆಲೆಯಿಂದ ಮತ್ತೊಂದಕ್ಕೆ ಹೋಗುವಾಗ ನಡುವಣ ಯಾವ ಬೆಲೆಯನ್ನೂ ಹಾರಿಹೋಗಲಾರದು. ಇದಕ್ಕೆ "ಗತಿಯು ಅವಿಚ್ಛಿನ್ನವಾದುದರಿಂದ" ಎಂದು ಕಾರಣ ಹೇಳುವುದುಂಟು. ಆ ಕಾರಣವು ಸಾಧುವಲ್ಲ. ಗತಿಯು ವಿಚ್ಛಿನ್ನವಾಗಿರುವಲ್ಲಿಯೂ ಪ್ರಮೇಯವು ನಿಲ್ಲುತ್ತದೆ.

ಬಸರಾಳಿನಿಂದ ಮಂಡ್ಯದ ಕಡೆಗೆ ಒಂದು ಗಾಡಿ ಹೊರಟಿದೆಯೆನ್ನೋಣ. ಹೊರಡುವ ಕ್ಷಣದಲ್ಲಿ ಅದರ ವೇಗ ಗಂಟೆಗೆ 4 ಕಿಲೋಮೀಟರು, ಕೊನೆಯ ಕ್ಷಣದಲ್ಲಿ 10. ನಡುವೆ ಎಂದಾದರೂ ಅದು ಸರಿಯಾಗಿ 7 ಆಗಿತ್ತೇ? ಗಾಡಿಯೊಡನೆ ಒಂದೇ ಕ್ಷಣದಲ್ಲಿ ಹೊರಟು ಸದಾ 7ರ ಸಮವೇಗದಿಂದ ಹೋಗುವ ಸವಾರನೊಬ್ಬನನ್ನು ಕಲ್ಪಿಸಿಕೊಳ್ಳಬೇಕು. ಮೊದಲಲ್ಲಿ ಗಾಡಿಯು ಅವನಿಗಿಂತ ಹಿಂದೆ ಬೀಳುತ್ತದೆ. ಆದ್ದರಿಂದ ಆರಂಭದ ಕ್ಷಣವು ಹಿನ್ನಡೆಯ ಪರಮಸ್ಥಾನವಲ್ಲ. ಕೊನೆಯಲ್ಲಿ ಹಿನ್ನಡೆಯು ಕುಗ್ಗುತ್ತಿರುತ್ತದೆ. ಆದ್ದರಿಂದ ಅಂತ್ಯದ ಕ್ಷಣವೂ ಅಲ್ಲ. ಗಾಡಿಯ ಸ್ಥಾನವು ಅವಿಚ್ಛಿನ್ನವಾದುದರಿಂದ ಹಿನ್ನಡೆಗೆ ಪರಮಾವಸ್ಥೆಯೊಂದು ಇದ್ದೇ ಇರಬೇಕು. ಅದು ನಡುವಣ ಕ್ಷಣದಲ್ಲಿಯೇ ಬರಬೇಕು. ಆ ಕ್ಷಣಕ್ಕೆ ಹಿಂದಿನ ಸರಾಸರಿಗಳಿಂದ ನೋಡಿದರೆ ಹಿನ್ನಡೆಯ ಗತಿಯು ಋಣವಾಗಲಾರದು. ಮುಂದಿನವುಗಳಿಂದ ನೋಡಿದರೆ ಧನವಾಗಲಾರದು. ಗತಿಯು ಅಲ್ಲಿ ಉಂಟೆಂದು ಒಪ್ಪಿರುವುದರಿಂದ ಅದು ಶೂನ್ಯವೇ. ಆಗ ಗಾಡಿಯ ವೇಗವು ಸವಾರನ ವೇಗಕ್ಕೆ ಸಮ, ಎಂದರೆ 7. ಈ ವಾದದಲ್ಲಿ ಸ್ಥಾನದ ಅವಿಚ್ಛಿನ್ನತೆಯೊಂದೇ ಬೇಕಾಯಿತು; ವೇಗದ ಅವಿಚ್ಛಿನ್ನತೆಯನ್ನು ಎಲ್ಲಿಯೂ ಕೇಳಲಿಲ್ಲ.

ವಿಚ್ಛಿನ್ನವಾದ ಗತಿಯು ನಿಜವಾಗಿ ಸಂಭವಿಸುವುದೇ ಎಂಬ ಶಂಕೆಗೆ f(x) = x² sin(1/x), f(0) = 0 ಎಂಬ ಫಲನವು ಉತ್ತರ. ಶೂನ್ಯದಿಂದ h ದೂರದವರೆಗಿನ ಸರಾಸರಿಯು h sin(1/h); ಇದರ ಪರಿಮಾಣವು h ಗಿಂತ ಹೆಚ್ಚಲ್ಲವಾದುದರಿಂದ f′(0) = 0. ಬೇರೆಡೆಗಳಲ್ಲಿ f′(x) = 2x sin(1/x) − cos(1/x). x = 1/(2πn) ಎಂಬ ಸ್ಥಾನಗಳಲ್ಲಿ ಇದು −1; x = 1/((2n+1)π) ಎಂಬಲ್ಲಿ +1. ಶೂನ್ಯದ ಸಮೀಪದಲ್ಲಿ ಗತಿಯು ಎಂದಿಗೂ ನೆಲೆಗೊಳ್ಳದೆ ಓಲಾಡುತ್ತದೆ. ಆದರೆ ಓಲಾಡುವಾಗ ನಡುವಣ ಬೆಲೆಗಳೆಲ್ಲವನ್ನೂ ಮುಟ್ಟಿಯೇ ಹೋಗುತ್ತದೆ. ಎಲ್ಲೆಡೆಯೂ ಇರುವ ಗತಿಯು ಭಗ್ನವಾಗುವುದಾದರೆ ಹೀಗೆ ಓಲಾಡಿಯೋ ಮೇರೆಮೀರಿಯೋ ಭಗ್ನವಾಗಬೇಕಲ್ಲದೆ ಮೆಟ್ಟಿಲಿನಂತೆ ಒಮ್ಮೆಗೇ ಹಾರಲಾರದು.

ಪ್ರಮೇಯದ ಮೇರೆಗಳನ್ನೂ ಮರೆಯಬಾರದು. 4ರಿಂದ ಥಟ್ಟನೆ 10ಕ್ಕೆ ಬದಲಾಗುವ ಗಾಡಿಯನ್ನು ಕಲ್ಪಿಸಿದರೆ, ಬದಲಾಗುವ ಆ ಕ್ಷಣದಲ್ಲಿ ಹಿಂದಿನ ಸರಾಸರಿಗಳು 4, ಮುಂದಿನವು 10. ಅಲ್ಲಿ ಗತಿಯೇ ಇಲ್ಲ. ಇದು ಪ್ರಮೇಯಕ್ಕೆ ಬಾಧಕವಲ್ಲ; ಅದರ ಪ್ರತಿಜ್ಞೆಗೆ ಹೊರಗಿನದು. ವಿಲೋಮವೂ ಸಿದ್ಧವಲ್ಲ. ಮೇಲಿನ f′ ದಲ್ಲಿ ಶೂನ್ಯಸ್ಥಾನದ ಬೆಲೆಯನ್ನು ಮಾತ್ರ 1 ಎಂದು ತಿದ್ದಿದರೆ ಮಧ್ಯಮೂಲ್ಯಧರ್ಮವು ಕೆಡುವುದಿಲ್ಲ. ಆದರೂ ಅದು ಯಾವ ಫಲನದ ಗತಿಯೂ ಅಲ್ಲ. ಗತಿಯಾಗಿದ್ದರೆ ಅದರಿಂದ f′ ವನ್ನು ಕಳೆದ ಶೇಷವೂ ಗತಿಯಾಗಬೇಕು. ಆ ಶೇಷವೋ ಒಂದೇ ಸ್ಥಾನದಲ್ಲಿ 1, ಉಳಿದೆಡೆ ಶೂನ್ಯ. ಇದು ನಡುವಣ ಬೆಲೆಗಳನ್ನು ಹಾರುತ್ತದೆ.

ಈಗ ಭಾಸ್ಕರರ ಸ್ಥಾನವು ಸ್ಪಷ್ಟವಾಗುತ್ತದೆ. ಸೂರ್ಯನ ಸ್ಪಷ್ಟಗತಿಯು ದಿನಕ್ಕೆ ಸುಮಾರು 57 ಕಲೆಗಳಿಂದ 61 ಕಲೆಗಳವರೆಗೆ ಏರಿಳಿಯುತ್ತದೆ. ಮಧ್ಯಗತಿ 59 ಕಲೆ 8 ವಿಕಲೆ. ಮಧ್ಯಸೂರ್ಯನೇ ಇಲ್ಲಿಯ ಸವಾರ, ಫಲವೇ ಅಂತರ. ಪರಮಾಂತರದಲ್ಲಿ ಗತಿಸಾಮ್ಯ ಎಂಬ ವಾದದ ಬೀಜವು ಭಾಸ್ಕರರಲ್ಲಿ ನಿಸ್ಸಂದೇಹವಾಗಿ ಇದೆ. ಆದರೆ ಅವರು ಹೇಳಿದ್ದು ಒಂದು ನಿಯತವಾದ ಗ್ರಹಗತಿಯ ವಿಷಯ. ಆ ಗತಿಯು ಸ್ವತಃ ಅವಿಚ್ಛಿನ್ನ. ವಿಚ್ಛಿನ್ನವಾದ ಗತಿಗೂ ಈ ನಿರ್ಬಂಧವುಂಟೆಂಬ ಪ್ರಶ್ನೆಯು ಅಲ್ಲಿ ಹುಟ್ಟಲಾರದು. ಡಾರ್ಬೂ ಉತ್ತರಿಸಿದ್ದು ಅದನ್ನೇ. ಬೀಜವನ್ನು ವೃಕ್ಷವೆನ್ನುವುದೂ, ಬೀಜವೇ ಇರಲಿಲ್ಲವೆನ್ನುವುದೂ ಗ್ರಂಥಕ್ಕೆ ಸಮಾನವಾದ ಅನ್ಯಾಯ. ಲಲ್ಲರ ತಪ್ಪನ್ನು ತಿದ್ದಿದ ಆಚಾರ್ಯರಿಗೆ ತಾವು ಹೇಳದ ಮಾತಿನ ಕೀರ್ತಿಯು ಬೇಕಾಗಿಲ್ಲ.