ಮಸಾಲೆ ಅರೆಯುವ ಮಿಕ್ಸಿ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಸಾರಿಗೂ ಹುಳಿಗೂ ತೆಂಗಿನಕಾಯಿ ಬೇಕು. ಹಾಗಾಗಿ ಇಲ್ಲಿ ಮಿಕ್ಸಿಯ ನಿಜವಾದ ಪರೀಕ್ಷೆ ಹಣ್ಣಿನ ರಸವಲ್ಲ, ಹಸಿ ಮಸಾಲೆ. ನೆನೆದ ಮೆಣಸಿನಕಾಯಿ, ಕೊತ್ತಂಬರಿ, ಕಾಯಿತುರಿ ಸೇರಿ ಗಟ್ಟಿಯಾದಾಗ ಬ್ಲೇಡು ಎಳೆದಾಡುತ್ತದೆ. ಇಬ್ಬರ ಮನೆಗೆ 500 ವ್ಯಾಟ್ ಸಾಕು. ದಿನವೂ ಒಂದಿಡೀ ಕಾಯಿ ಅರೆಯುವ ಮನೆಗೆ 750 ವ್ಯಾಟ್ ಇರಲಿ.

ಆದರೆ ನಾನು ಮೊದಲು ಓದುವುದು ವ್ಯಾಟನ್ನಲ್ಲ, ಮಿಕ್ಸಿಯ ತಳಕ್ಕೆ ಅಂಟಿಸಿದ ಪಟ್ಟಿಯಲ್ಲಿರುವ '30 ನಿಮಿಷ' ಎಂಬ ಬರಹವನ್ನು. ಅದು ಒಂದೇ ಸಮನೆ ಓಡಿಸಲು ಕೊಟ್ಟ ಪರವಾನಗಿಯಲ್ಲ. ಸಾಮಾನ್ಯವಾಗಿ ಐದು ನಿಮಿಷ ಓಟ, ಎರಡು ನಿಮಿಷ ವಿರಾಮ, ಹೀಗೆ ಸೇರಿ ಅರ್ಧ ಗಂಟೆ. ಮೋಟಾರಿನ ಫ್ಯಾನು ಅದೇ ದಂಡಕ್ಕೆ ಕೂತಿರುವುದರಿಂದ, ಭಾರಕ್ಕೆ ವೇಗ ಇಳಿದರೆ ಗಾಳಿಯೂ ಇಳಿಯುತ್ತದೆ, ಬಿಸಿ ಏರುತ್ತದೆ. ಸದ್ದು ದಪ್ಪಗಾಗಿ ಸುಟ್ಟ ವಾಸನೆ ಬಂದರೆ ತಕ್ಷಣ ನಿಲ್ಲಿಸಿ. ತಾನೇ ನಿಂತರೆ ಜಾರ್ ತೆಗೆದು ಸ್ವಲ್ಪ ಖಾಲಿ ಮಾಡಿ, ಮೋಟಾರು ಆರಿದ ಮೇಲೆ ತಳದ ಕೆಂಪು ಗುಂಡಿ ಒತ್ತಿ.

ಅರ್ಧ ಕಾಯಿಯ ಮಸಾಲೆಗೆ ದೊಡ್ಡ ಜಾರ್ ಹಿಡಿದರೆ ತುರಿಯೆಲ್ಲ ಗೋಡೆಗೆ ಅಂಟಿ, ಬ್ಲೇಡು ಬರಿದೇ ತಿರುಗುತ್ತದೆ. ಚಟ್ನಿ ಜಾರೇ ಸರಿ. ಮೊದಲು ಮೆಣಸಿನಕಾಯಿ, ಕೊತ್ತಂಬರಿ ಪುಡಿಯಾಗಲಿ. ಆಮೇಲೆ ತುರಿ, ಚೂರುಚೂರೇ ನೀರು. ಮೂರನೇ ಎರಡು ಭಾಗಕ್ಕಿಂತ ತುಂಬಬೇಡಿ. ಬೆರಳಲ್ಲಿ ತಿಕ್ಕಿದಾಗ ತರಿ ಸಿಗದಿದ್ದರೆ ಆಯಿತು.

ನನ್ನ ತೀರ್ಪು: 1000 ವ್ಯಾಟಿಗೆ ಕೊಡುವ ಹೆಚ್ಚಿನ ದುಡ್ಡನ್ನು ದಪ್ಪ ಸ್ಟೀಲಿನ, ಬಿಗಿ ಮುಚ್ಚಳದ ಚಟ್ನಿ ಜಾರಿಗೆ ಹಾಕಿ.