ಹಸಿರು ಕೆನೆಯೂ ಕಬ್ಬಿಣದ ಲೆಕ್ಕವೂ

ಬೇಸಿಗೆಯಲ್ಲಿ ಬಯಲುಸೀಮೆಯ ಕೆರೆಗಳ ನೀರು ಇಳಿದು, ಗಾಳಿ ತಳ್ಳುವ ಕಡೆಯ ದಡದಲ್ಲಿ ಗಟ್ಟಿಯಾದ ಹಸಿರು ಕೆನೆ ಕಟ್ಟಿದಾಗ, ಅದನ್ನು ಪಾಚಿಯೆಂದು ಬಗೆದು ಮುಂದೆ ಸಾಗುವವರೇ ಹೆಚ್ಚು. ಕೆರೆಯನ್ನು ಗಮನಿಸುವ ಹವ್ಯಾಸವುಳ್ಳವರು ಅಲ್ಲಿ ಒಂದು ಕೋಲನ್ನು ಅದ್ದಿ ನೋಡುತ್ತಾರೆ. ಎತ್ತಿದ ಕೋಲಿನಿಂದ ಉದ್ದನೆಯ ಎಳೆಗಳು ಜೋತುಬಿದ್ದರೆ ಅದು ನಿಜವಾದ ಪಾಚಿ. ಕೋಲಿಗೆ ಬಣ್ಣ ಬಳಿದಂತೆ ಅಂಟಿಕೊಂಡರೆ ಬಹುಮಟ್ಟಿಗೆ ಅದು ಸೈನೊಬ್ಯಾಕ್ಟೀರಿಯ, ಅಂದರೆ ಜೀವಕೋಶದಲ್ಲಿ ಕೇಂದ್ರವೇ ಇಲ್ಲದ, ಆದರೂ ಗಿಡಗಳಂತೆ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಸೂಕ್ಷ್ಮಜೀವಿ. ಅದೇ ನೀರನ್ನು ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಅಲುಗಾಡಿಸದೆ ಇಟ್ಟರೆ ಹಸಿರೆಲ್ಲ ತಳಕ್ಕೆ ಇಳಿಯುವ ಬದಲು ಮೇಲೆ ಬಂದು ನಿಲ್ಲುವುದು ಎರಡನೆಯ ಗುರುತು. ಒಣಗುತ್ತಿರುವ ದಡದ ಕಲ್ಲುಗಳ ಮೇಲೆ ತಿಳಿನೀಲಿ ಕಲೆಗಳು ಕಂಡರೆ ಸಂಶಯಕ್ಕೆ ಹೆಚ್ಚು ಎಡೆಯಿಲ್ಲ, ಏಕೆಂದರೆ ಈ ಜೀವಿಗಳು ಸತ್ತು ಒಡೆದಾಗ ಅವುಗಳೊಳಗಿನ ಫೈಕೊಸಯನಿನ್ ಎಂಬ ನೀಲಿ ವರ್ಣದ್ರವ್ಯ ಹೊರಗೆ ಸೋರುತ್ತದೆ.

ಬೆಳಕನ್ನು ಬಳಸಿ ಬದುಕುವ ಬೇರೆ ಬ್ಯಾಕ್ಟೀರಿಯಗಳೂ ಇವೆಯಾದರೂ, ಅವು ತಮಗೆ ಬೇಕಾದ ಎಲೆಕ್ಟ್ರಾನುಗಳನ್ನು ಹೈಡ್ರೋಜನ್ ಸಲ್ಫೈಡಿನಂತಹ ಸುಲಭವಾಗಿ ಬಿಟ್ಟುಕೊಡುವ ವಸ್ತುಗಳಿಂದ ಪಡೆಯುತ್ತವೆ. ಸೈನೊಬ್ಯಾಕ್ಟೀರಿಯಗಳ ಹೆಚ್ಚುಗಾರಿಕೆಯೆಂದರೆ, ಎರಡು ಬೆಳಕಿನ ಯಂತ್ರಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಪರಮಾಣುಗಳ ಪುಟ್ಟ ಗುಚ್ಛವೊಂದರ ನೆರವಿನಿಂದ ನೀರನ್ನೇ ಒಡೆಯುವುದು. ಎರಡು ನೀರಿನ ಅಣುಗಳು ಒಡೆದಾಗ ನಾಲ್ಕು ಎಲೆಕ್ಟ್ರಾನುಗಳು ಜೀವಿಗೆ ದಕ್ಕುತ್ತವೆ, ಉಳಿದ ಆಮ್ಲಜನಕದ ಒಂದು ಅಣು ಬೇಡದ ವಸ್ತುವಾಗಿ ಹೊರಬೀಳುತ್ತದೆ. ಆದರೆ ಹೀಗೆ ಹೊರಬಿದ್ದ ಪ್ರತಿ ಅಣುವಿಗೆ ಪ್ರತಿಯಾಗಿ ಇಂಗಾಲದ ಒಂದು ಪರಮಾಣು ಜೀವಿಯ ದೇಹದಲ್ಲಿ ಕೂಡಿಕೊಂಡಿರುತ್ತದೆ, ಮತ್ತು ಆ ದೇಹ ಕೊಳೆಯುವಾಗ ಅಷ್ಟೇ ಆಮ್ಲಜನಕವನ್ನು ಹಿಂದಕ್ಕೆ ಕೇಳುತ್ತದೆ. ಕೊಳೆತದ್ದೆಲ್ಲ ಕೊಳೆತು ಮುಗಿದರೆ ಲೆಕ್ಕದಲ್ಲಿ ಉಳಿಯುವುದು ಸೊನ್ನೆ.

ಆದಿಕಾಲದ ಭೂಮಿಯಲ್ಲಿ ಈ ಲೆಕ್ಕ ಸೊನ್ನೆಯಾಗದೆ ಉಳಿದದ್ದಕ್ಕೆ ಕಾರಣ, ಸತ್ತ ಜೀವಿಗಳಲ್ಲಿ ಒಂದು ಸಣ್ಣ ಪಾಲು ಕೊಳೆಯುವ ಮೊದಲೇ ಸಮುದ್ರತಳದ ಕೆಸರಿನಲ್ಲಿ ಹೂತುಹೋಗಿ ಅವುಗಳ ಪಾಲಿನ ಆಮ್ಲಜನಕ ಮೇಲೆಯೇ ಉಳಿದದ್ದು. ಹಾಗೆ ಉಳಿದದ್ದೂ ತಕ್ಷಣ ಗಾಳಿಗೆ ಸೇರಲಿಲ್ಲ. ಅಂದಿನ ಸಮುದ್ರದಲ್ಲಿ ಕರಗಿದ್ದ ಅಪಾರ ಕಬ್ಬಿಣವೂ ಜ್ವಾಲಾಮುಖಿಗಳು ಉಗುಳುತ್ತಿದ್ದ ಅನಿಲಗಳೂ ಅದನ್ನು ಮೊದಲು ಕಬಳಿಸಿದವು. ಗಾಳಿಯಲ್ಲಿ ಆಮ್ಲಜನಕ ಶಾಶ್ವತವಾಗಿ ನೆಲೆನಿಂತದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ ಎಂಬುದಕ್ಕೆ ಬಲವಾದ ಸಾಕ್ಷಿಯೊಂದನ್ನು ಜೇಮ್ಸ್ ಫರ್ಕರ್ ಮತ್ತು ಸಂಗಡಿಗರು 2000ರಲ್ಲಿ ಹಳೆಯ ಬಂಡೆಗಳ ಗಂಧಕದಲ್ಲಿ ಕಂಡುಕೊಂಡರು. ಓಝೋನಿನ ತಡೆಯಿಲ್ಲದೆ ಅತಿನೇರಳೆ ಕಿರಣಗಳು ಗಾಳಿಯೊಳಗಿನ ಗಂಧಕದ ಅನಿಲವನ್ನು ಒಡೆದಾಗ ಗಂಧಕದ ಬೇರೆ ಬೇರೆ ತೂಕದ ಪರಮಾಣುಗಳ ನಡುವೆ ವಿಚಿತ್ರವಾದ ಒಂದು ಅನುಪಾತ ಉಂಟಾಗುತ್ತದೆ. ಆ ಗುರುತು 240 ಕೋಟಿ ವರ್ಷಗಳಿಗಿಂತ ಹಳೆಯ ಬಂಡೆಗಳಲ್ಲಿದ್ದು ಆಮೇಲಿನವುಗಳಲ್ಲಿ ಅಳಿಸಿಹೋಗಿದೆ.

ಈ ಕಥೆಯ ಕೆಲವು ಪುಟಗಳು ಕರ್ನಾಟಕದ ನೆಲದಲ್ಲೇ ಇವೆ. ಸಂಡೂರು ಮತ್ತು ಬಾಬಾಬುಡನ್ ಬೆಟ್ಟಗಳ ಪಟ್ಟೆಪಟ್ಟೆಯ ಕಬ್ಬಿಣದ ಶಿಲೆ ಅಂದಿನ ಸಮುದ್ರದ ಕಬ್ಬಿಣ ತಳಕ್ಕೆ ಇಳಿದು ಆದದ್ದು, ಮತ್ತು ಚಿತ್ರದುರ್ಗ ಸೀಮೆಯ ಸುಣ್ಣಕಲ್ಲಿನಲ್ಲಿ 250 ಕೋಟಿ ವರ್ಷಗಳಿಗಿಂತ ಹಳೆಯ ಸ್ಟ್ರೊಮಾಟೊಲೈಟುಗಳು, ಅಂದರೆ ಸೂಕ್ಷ್ಮಜೀವಿಗಳ ಲೋಳೆಯ ಹಾಸುಗಳು ಪದರ ಪದರವಾಗಿ ಕಲ್ಲಾದ ಗುಬುಟುಗಳು, ದೊರೆತಿವೆ. ಇವೆಲ್ಲ ಸೈನೊಬ್ಯಾಕ್ಟೀರಿಯಗಳ ಕೈವಾಡವೇ ಎಂದು ಸಾರುವ ಉತ್ಸಾಹ ಜನಪ್ರಿಯ ಬರಹಗಳಲ್ಲಿ ಕಾಣುತ್ತದೆಯಾದರೂ ಅದು ಸಲ್ಲದು. ಅಂತಹ ಹಾಸನ್ನು ಬೇರೆ ಬ್ಯಾಕ್ಟೀರಿಯಗಳೂ ಕಟ್ಟಬಲ್ಲವು, ಕಬ್ಬಿಣವನ್ನು ಆಮ್ಲಜನಕದ ನೆರವಿಲ್ಲದೆಯೇ ತುಕ್ಕಾಗಿಸುವ ಬ್ಯಾಕ್ಟೀರಿಯಗಳೂ ಉಂಟು.

ಹಳ್ಳಿಯ ಕೆರೆಯಲ್ಲಿ ಇದೇ ಲೆಕ್ಕ ಒಂದು ಹಗಲು ಒಂದು ರಾತ್ರಿಯೊಳಗೆ ನಡೆದು ತಲೆಕೆಳಗಾಗುತ್ತದೆ. ಅಲ್ಲಿ ಹೆಚ್ಚಾಗಿ ಕೆನೆಗಟ್ಟುವುದು ಮೈಕ್ರೊಸಿಸ್ಟಿಸ್ ಎಂಬ ಕುಲ. ಅದರ ಕೋಶಗಳಲ್ಲಿ ಪ್ರೋಟೀನಿನ ಗೋಡೆಯುಳ್ಳ, ನೀರನ್ನು ಒಳಬಿಡದ ಟೊಳ್ಳು ಗಾಳಿಚೀಲಗಳಿವೆ. ಹಗಲಿನಲ್ಲಿ ಕೂಡಿಟ್ಟ ಗ್ಲೈಕೊಜನ್ನಿನ ಭಾರಕ್ಕೆ ಅದು ಕೆಳಗಿಳಿದು, ರಾತ್ರಿ ಆ ಸಂಗ್ರಹವನ್ನು ಕರಗಿಸಿಕೊಂಡು ಹಗುರವಾಗಿ ಮೇಲೇರುವುದರಿಂದ ಗಾಳಿಯಿಲ್ಲದ ಮುಂಜಾನೆಯಲ್ಲೇ ಕೆನೆ ದಟ್ಟವಾಗಿ ಕಾಣುತ್ತದೆ. ನೀರು 25 ಡಿಗ್ರಿ ದಾಟಿ ಬಿಸಿಯಾದಾಗ ಅದರ ಬೆಳವಣಿಗೆ ಚುರುಕಾಗುತ್ತದೆ. ಜೊತೆಗೆ ಬಿಸಿಯಾದ ಮೇಲ್ಪದರ ತಣ್ಣನೆಯ ಕೆಳಪದರದೊಂದಿಗೆ ಬೆರೆಯದೆ ನಿಲ್ಲುವುದರಿಂದ, ತೇಲಲಾರದ ಪಾಚಿಗಳು ಕತ್ತಲಿಗೆ ಮುಳುಗುತ್ತವೆ, ತೇಲಬಲ್ಲದ್ದು ಬೆಳಕನ್ನೆಲ್ಲ ತನ್ನದಾಗಿಸಿಕೊಳ್ಳುತ್ತದೆ. ಹಗಲಿಡೀ ಅದು ಕಾರ್ಬನ್ ಡೈಆಕ್ಸೈಡನ್ನು ಹೀರಿ ನೀರನ್ನು ಕ್ಷಾರವಾಗಿಸುತ್ತದೆ; ಆ ಅನಿಲ ವಿರಳವಾದ ನೀರಿನಲ್ಲಿ ಬೈಕಾರ್ಬನೇಟನ್ನು ಸಮರ್ಥವಾಗಿ ಬಳಸಬಲ್ಲ ಮೈಕ್ರೊಸಿಸ್ಟಿಸ್ಸಿಗೆ ಮತ್ತೊಂದು ಅನುಕೂಲ.

ಮಧ್ಯಾಹ್ನ ಅಂತಹ ಕೆರೆಯ ಮೇಲ್ಪದರದಲ್ಲಿ ಆಮ್ಲಜನಕ ತುಳುಕುತ್ತಿರುತ್ತದೆ, ಆದರೆ 30 ಡಿಗ್ರಿಯ ನೀರು ಹಿಡಿದಿಟ್ಟುಕೊಳ್ಳಬಲ್ಲದ್ದು ಲೀಟರಿಗೆ ಏಳೂವರೆ ಮಿಲಿಗ್ರಾಂ ಮಾತ್ರ. ಹೆಚ್ಚಿನದು ಗಾಳಿಗೆ ಹಾರಿಹೋಗುತ್ತದೆ. ಕತ್ತಲಾದ ಮೇಲೆ ಉತ್ಪಾದನೆ ನಿಂತು ಆ ರಾಶಿ ಜೀವಿಗಳ ಉಸಿರಾಟ ಮಾತ್ರ ಮುಂದುವರಿಯುವುದರಿಂದ ನಸುಕಿಗೆ ಮೊದಲು ನೀರಿನಲ್ಲಿ ಆಮ್ಲಜನಕ ಬಹುಮಟ್ಟಿಗೆ ಬರಿದಾಗಿ, ಕಾಟ್ಲಾ, ರೋಹು ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಬೆಳಗಾಗುವಷ್ಟರಲ್ಲಿ ಮೀನು ಸತ್ತು ತೇಲಿದ್ದರೆ ಯಾರೋ ವಿಷ ಹಾಕಿದರೆಂದು ಊರು ಶಂಕಿಸುವ ಮೊದಲು ನಸುಕಿನಲ್ಲಿ ಆಮ್ಲಜನಕವನ್ನು ಅಳೆಯಿಸುವುದು ಲೇಸು.

ಕೆರೆಯ ತಳದಲ್ಲಿ ನಡೆಯುವುದು ಇನ್ನೂ ಸ್ವಾರಸ್ಯಕರ. ಬಟ್ಟೆ ಒಗೆಯುವ ಸಾಬೂನು, ಸಗಣಿ, ಚರಂಡಿಯ ನೀರು, ಹೊಲದ ಗೊಬ್ಬರ ಇವುಗಳಿಂದ ಬಂದ ರಂಜಕ, ಅಂದರೆ ಫಾಸ್ಫರಸ್, ಹೂಳಿನಲ್ಲಿರುವ ತುಕ್ಕಿನ ಕಣಗಳಿಗೆ ಅಂಟಿಕೊಂಡು ಸೆರೆಯಾಗಿರುತ್ತದೆ. ಮೇಲಿನಿಂದ ಬಿದ್ದ ಸತ್ತ ಜೀವಿಗಳು ಕೊಳೆತು ತಳದ ಆಮ್ಲಜನಕ ಮುಗಿದಾಗ ಆ ತುಕ್ಕು ಮತ್ತೆ ಆದಿಸಮುದ್ರದಲ್ಲಿದ್ದ ಕರಗುವ ಕಬ್ಬಿಣವಾಗಿ ಮಾರ್ಪಟ್ಟು, ಸೆರೆಯಲ್ಲಿದ್ದ ರಂಜಕವನ್ನು ಬಿಟ್ಟುಕೊಡುತ್ತದೆ; ಆ ರಂಜಕ ಮೇಲೇರಿ ಹೊಸ ಕೆನೆಗೆ ಆಹಾರವಾಗುತ್ತದೆ. ಹೊರಗಿನಿಂದ ಕೊಳೆ ಬರುವುದು ನಿಂತ ಮೇಲೂ ಕೆಲವು ಕೆರೆಗಳು ವರ್ಷಗಟ್ಟಲೆ ಹಸಿರಾಗುತ್ತಲೇ ಇರುವುದಕ್ಕೆ ಇದು ಕಾರಣ.

ಮೈಲುತುತ್ತ ಸುರಿದು ಕೆನೆಯನ್ನು ಒಮ್ಮೆಗೇ ಕೊಲ್ಲುವುದು ಕೆಟ್ಟ ಉಪಾಯ. ಅಷ್ಟೂ ದೇಹಗಳು ಏಕಕಾಲದಲ್ಲಿ ಕೊಳೆತು ಆಮ್ಲಜನಕವನ್ನು ಹೀರುವುದಲ್ಲದೆ, ಕೋಶಗಳು ಒಡೆದು ಮೈಕ್ರೊಸಿಸ್ಟಿನ್ ಎಂಬ ಯಕೃತ್ತನ್ನು ಹಾಳುಮಾಡುವ ವಿಷ ನೀರಿಗೆ ಬಿಡುಗಡೆಯಾಗುತ್ತದೆ. ಎಲ್ಲ ಕೆನೆಯಲ್ಲೂ ಆ ವಿಷ ಇರುವುದಿಲ್ಲ, ಇದೆಯೇ ಎಂಬುದು ಕಣ್ಣಿಗೆ ತಿಳಿಯುವುದೂ ಇಲ್ಲ. ಅನುದಿನ ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ, ಮತ್ತು ಕುದಿಸುವುದರಿಂದ ವಿಷ ಅಳಿಯುವುದಿಲ್ಲ. ಆದುದರಿಂದ ಕೆನೆಗಟ್ಟಿದ ದಡದಲ್ಲಿ ದನಗಳಿಗೂ ನೀರು ಕುಡಿಸಬಾರದು. ನೀರು ಬತ್ತಿದಾಗ ಹೂಳೆತ್ತಿ ಹೊಲಗಳಿಗೆ ಹಾಕುವ ಹಳೆಯ ರೂಢಿ ಸೆರೆಯಲ್ಲಿದ್ದ ರಂಜಕವನ್ನೇ ಕೆರೆಯಿಂದ ಹೊರಗೆ ಸಾಗಿಸುತ್ತದೆ, ಚರಂಡಿಯ ಬಾಯಿ ಕೆರೆಯ ಕಡೆಗೇ ತೆರೆದಿದ್ದರೆ ಮಾತ್ರ ಅದರ ಫಲ ಹೆಚ್ಚು ಕಾಲ ನಿಲ್ಲುವುದಿಲ್ಲ.