ಊರು, ಗುರು ಮತ್ತು ಉಕಾರದ ಗೊಂದಲ: ಸಂಧಿ ಅಭ್ಯಾಸಗಳ ಒಂದು ವಿಮರ್ಶೆ

ಕನ್ನಡ ಸಂಧಿಯ ಶಾಲಾ ಅಭ್ಯಾಸಗಳಲ್ಲಿ ಲೋಪ ಮತ್ತು ಆಗಮಗಳ ನಡುವಿನ ಗೆರೆ ‘ಅರ್ಥ ಕೆಡುವುದು’ ಎಂಬ ಒಂದೇ ಮಾತಿನ ಮೇಲೆ ನಿಂತಿದೆ. ಸ್ವರಕ್ಕೆ ಸ್ವರ ಪರವಾದಾಗ, ಅರ್ಥ ಕೆಡದಿದ್ದರೆ ಪೂರ್ವಸ್ವರ ಲೋಪವಾಗುತ್ತದೆ. ಕೆಡುವಂತಿದ್ದರೆ ಯಕಾರವೋ ವಕಾರವೋ ಆಗಮವಾಗಿ ಬರುತ್ತದೆ. ಊರು + ಅನ್ನು ಎಂಬುದು ಊರನ್ನು. ಗುರು + ಅನ್ನು ಎಂಬುದು ಗುರುವನ್ನು. ಕನ್ನಡವನ್ನು ಕೇಳಿ ಬೆಳೆದ ಮಗುವಿಗೆ ‘ಗುರನ್ನು’ ಕಿವಿಗೆ ಒಗ್ಗದು. ಮನೆಯಲ್ಲಿ ಮಲಯಾಳ ಆಡುವ ಕಾಸರಗೋಡಿನ ವಿದ್ಯಾರ್ಥಿಗೆ ಈ ಸೂತ್ರ ಏನನ್ನೂ ಹೇಳುವುದಿಲ್ಲ. ಉತ್ತರ ಮೊದಲೇ ಗೊತ್ತಿದ್ದವರಿಗಷ್ಟೇ ಅದು ಉತ್ತರ ಕೊಡುತ್ತದೆ.

ನಿಜವಾದ ಕಾರಣ ಅರ್ಥದಲ್ಲಿಲ್ಲ, ಉಕಾರದ ಸ್ವರೂಪದಲ್ಲಿದೆ. ಊರು, ಹೆಸರು, ಮುತ್ತು ಇವುಗಳ ಕೊನೆಯ ಉಕಾರ ಉಚ್ಚಾರಣೆಯ ಅನುಕೂಲಕ್ಕೆ ವ್ಯಂಜನದ ಬೆನ್ನಿಗೆ ಬಂದದ್ದು. ಸ್ವರ ಪರವಾದೊಡನೆ ಅದು ಬಿದ್ದುಹೋಗುತ್ತದೆ. ಗುರು, ಹಸು, ವಸ್ತು ಇವುಗಳ ಉಕಾರ ಪದದ ಅಂಗವೇ ಆದ್ದರಿಂದ ಉಳಿದು ವಕಾರವನ್ನು ಕರೆಯುತ್ತದೆ. ಕನ್ನಡ ಲಿಪಿ ಈ ಎರಡನ್ನೂ ಒಂದೇ ಕೊಂಬಿನಿಂದ ಬರೆದು ಭೇದವನ್ನು ಮುಚ್ಚಿಡುತ್ತದೆ. ಮಲಯಾಳದ ಇಂದಿನ ಬರಹ ಮುಚ್ಚಿಡುವುದಿಲ್ಲ. ಅಲ್ಲಿ ಊರಿಗೂ ಮುತ್ತಿಗೂ ಕೊನೆಯಲ್ಲಿ ಚಂದ್ರಕ್ಕಲ (ಅದು ಸಂವೃತೋಕಾರದ ಗುರುತು), ಗುರುವಿಗೂ ವಸ್ತುವಿಗೂ ಪೂರ್ಣ ಉಕಾರ. ರೂಪಗಳೂ ಹಾಗೆಯೇ ಬೇರೆಯಾಗುತ್ತವೆ: ಮುತ್ತಿನೆ, ಆದರೆ ವಸ್ತುವಿನೆ. ‘ಮುತ್ತು’, ‘ವಸ್ತು’ ಎರಡೂ ಕನ್ನಡದಲ್ಲಿ ಒಂದೇ ಬಗೆಯಾಗಿ ಕೊನೆಗೊಂಡರೂ ಮುತ್ತನ್ನು, ವಸ್ತುವನ್ನು ಎಂದು ಏಕಾಗುತ್ತವೆ ಎಂಬ ಪ್ರಶ್ನೆಗೆ ಗಡಿಯ ವಿದ್ಯಾರ್ಥಿಯ ಕೈಯಲ್ಲೇ ಸುಳುಹಿದೆ. ಅಭ್ಯಾಸ ಪುಸ್ತಕ ಅದನ್ನು ಕೇಳುವುದೇ ಇಲ್ಲ. ಹೊಸೂರು, ತಾಳವಾಡಿಗಳ ಮಕ್ಕಳು ತಮಿಳಿನ ಕುಟ್ರಿಯಲುಗರಂ ಪಾಠದಲ್ಲಿ ಬಹುಮಟ್ಟಿಗೆ ಇದೇ ಭೇದವನ್ನು ಬೇರೆ ಹೆಸರಿನಲ್ಲಿ ಕಲಿಯುತ್ತಾರೆ.

ಈ ಸುಳುಹಿಗೂ ಮಿತಿಯಿದೆ. ಮಗು, ಕರು ಇವುಗಳಿಗೆ ಮಲಯಾಳದಲ್ಲಿ ನೇರ ಜೋಡಿ ಸಿಗದು. ಅಲ್ಲಿ ಅಕ್ಷರದ ಅಳತೆ ನೆರವಾಗುತ್ತದೆ: ಎರಡೇ ಹ್ರಸ್ವಾಕ್ಷರಗಳ ನಾಮಪದಗಳಲ್ಲಿ ಉಕಾರ ಸಾಮಾನ್ಯವಾಗಿ ಉಳಿಯುತ್ತದೆ — ಮಗುವನ್ನು, ಕರುವನ್ನು, ನಡುವನ್ನು. ಅದು, ಇದು ಎಂಬ ಸರ್ವನಾಮಗಳು ಈ ಅಳತೆಗೆ ಸಿಕ್ಕವು. ಅದನ್ನು, ಇದನ್ನು ಎಂದೇ ಆಗುತ್ತವೆ. ಇಲ್ಲಿ ಮತ್ತೆ ಮಲಯಾಳದ ಚಂದ್ರಕ್ಕಲವೇ ಸರಿದಾರಿ ತೋರಿಸುತ್ತದೆ.

ಆದೇಶ ಸಂಧಿಯಲ್ಲಿ ತೊಡಕು ಬೇರೆ ಬಗೆಯದು. ಮಳೆ + ಕಾಲ ಮಳೆಗಾಲವಾದಾಗ ಕಕಾರಕ್ಕೆ ಗಕಾರ ಬಂದದ್ದು ಕಣ್ಣಿಗೇ ಕಾಣುತ್ತದೆ, ಗುರುತಿಸುವುದು ಸುಲಭ. ಆದರೆ ಮನೆ + ಕೆಲಸ ‘ಮನೆಗೆಲಸ’ ಎಂದೂ ಆಗುತ್ತದೆ, ‘ಮನೆಕೆಲಸ’ ಎಂದೂ ಉಳಿಯುತ್ತದೆ. ಬಿಡಿಸುವ ಅಭ್ಯಾಸಗಳು ಈ ಎರಡನೆಯ ಬಗೆಯ ಪದವನ್ನು ಎದುರಿಗೆ ಇಡುವುದು ವಿರಳ. ಇಟ್ಟರೆ ಕೂಡಿಸುವ ನಿಯಮ ಎಷ್ಟು ದೂರ ಹೋಗುತ್ತದೆಂಬುದು ವಿದ್ಯಾರ್ಥಿಗೆ ಅಲ್ಲೇ ತಿಳಿಯುತ್ತಿತ್ತು.